ಗ್ರಂಥಾಲಯದ ಎರವಲು ಶೀಟ್: 7ನೇ ತಾರೀಕು ಒಯ್ದವರಿಗೆ ₹23 ದಂಡ, 13ನೇ ತಾರೀಕು ಒಯ್ದವರಿಗೆ #VALUE!

ಓದುಮನೆ_ಹಾಸನ · 14 ಆಗಸ್ಟ್ 2025

ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಒಂದು ಪುಟ್ಟ ಗ್ರಂಥಾಲಯ ನಡೆಸುತ್ತಿದ್ದೇವೆ. ಒಂಬೈನೂರು ಚಿಲ್ಲರೆ ಪುಸ್ತಕಗಳಿವೆ. ಸೋಮವಾರ ರಜೆ. ಪುಸ್ತಕ ಒಯ್ದರೆ 14 ದಿನದೊಳಗೆ ವಾಪಸ್ ಕೊಡಬೇಕು, ತಡವಾದರೆ ದಿನಕ್ಕೆ ಒಂದು ರೂಪಾಯಿ. ಮೊದಲು ಉದ್ದನೆ ರಿಜಿಸ್ಟರ್ ಇತ್ತು. ಏಪ್ರಿಲ್‌ನಿಂದ ಗೂಗಲ್ ಶೀಟ್ಸ್‌ನಲ್ಲಿ ಬರೆಯುತ್ತಿದ್ದೇವೆ. ದಂಡವನ್ನು ಮಾತ್ರ ಕೈಯಲ್ಲೇ ಲೆಕ್ಕ ಹಾಕುತ್ತಿದ್ದೆವು. ಈ ವಾರ ಅದಕ್ಕೂ ಫಾರ್ಮುಲಾ ಹಾಕಿದೆವು.

A ಕಾಲಮ್‌ನಲ್ಲಿ ಅಕ್ಸೆಷನ್ ನಂಬರ್, B ಒಯ್ದ ದಿನ, C ಸದಸ್ಯರು, D ಪುಸ್ತಕದ ಹೆಸರು, F ಗಡುವು, G ವಾಪಸ್ ಬಂದ ದಿನ, H ದಂಡ. E ಸದ್ಯಕ್ಕೆ ಖಾಲಿ.

```
F2:  =B2+14
H2:  =MAX(0, IF(G2="",TODAY(),G2)-F2)
```

ಈಗ ವಿಚಿತ್ರ ನೋಡಿ. ಹೋದ ವಾರ, 7ನೇ ತಾರೀಕು ಪುಸ್ತಕ ಒಯ್ದವರಿಗೆ ₹23 ದಂಡ ತೋರಿಸುತ್ತಿದೆ. ನಿನ್ನೆ ಒಯ್ದವರಿಗೆ `#VALUE!`. ಇನ್ನೂ ಏನೂ ಬರೆಯದ ಕೆಳಗಿನ ಸಾಲುಗಳಲ್ಲಿ 45869! ಖಾಲಿ ಸಾಲಿಗೆ ನಲವತ್ತೈದು ಸಾವಿರ ದಂಡ ಹಾಕಿದರೆ ಯಾರ ಹತ್ತಿರ ವಸೂಲಿ ಮಾಡೋದು?

ಇದಲ್ಲದೆ ವರ್ಷದಲ್ಲಿ ಯಾವ ಪುಸ್ತಕ ಜಾಸ್ತಿ ಹೋಯಿತು ಎಂಬ ಪಟ್ಟಿಯೂ ಬೇಕು. ಸಂಘದವರು ಅದನ್ನು ನೋಡಿಯೇ ಹೊಸ ಪುಸ್ತಕಕ್ಕೆ ದುಡ್ಡು ಕೊಡುತ್ತಾರೆ.

ಟೆಕ್_ತಮ್ಮ · 14 ಆಗಸ್ಟ್

ಸಿಂಪಲ್ ಮೇಡಂ. ಶೀಟ್‌ಗೆ ನಿಮ್ಮ ತಾರೀಕು ಅರ್ಥವಾಗಿಲ್ಲ ಅಷ್ಟೇ. B ಕಾಲಮ್ ಪೂರ್ತಿ ಸೆಲೆಕ್ಟ್ ಮಾಡಿ `Format → Number → Date` ಕೊಡಿ. ಎಲ್ಲಾ ಸರಿ ಹೋಗುತ್ತೆ.

ಓದುಮನೆ_ಹಾಸನ · 14 ಆಗಸ್ಟ್

ಕೊಟ್ಟೆ. ಏನೂ ಬದಲಾಗಲಿಲ್ಲ. 23 ಹಾಗೇ ಇದೆ.

ಹಳೇ_ಗ್ರಂಥಪಾಲಕ · 14 ಆಗಸ್ಟ್

ತಮ್ಮ ಹೇಳಿದ್ದು ಅರ್ಧ ಸರಿ. ತಾರೀಕು ಅರ್ಥವಾಗಿಲ್ಲ ಎಂಬುದು ನಿಜ. ಆದರೆ ಫಾರ್ಮ್ಯಾಟ್ ಎಂದರೆ ಮೇಲಿನ ವೇಷ ಮಾತ್ರ. ಒಳಗೆ ಏನು ಕೂತಿದೆಯೋ ಅದು ಬದಲಾಗುವುದಿಲ್ಲ.

ಮೇಡಂ, ಉತ್ತರ ಹೇಳುವ ಮೊದಲು ಒಂದು ಪ್ರಶ್ನೆ. 8ನೇ ಆಗಸ್ಟ್ ಒಯ್ದವರು ಯಾರಾದರೂ ಇದ್ದಾರಾ? ಅವರ ದಂಡ ಎಷ್ಟು ತೋರಿಸುತ್ತಿದೆ?

ಓದುಮನೆ_ಹಾಸನ · 14 ಆಗಸ್ಟ್

ಇಬ್ಬರಿದ್ದಾರೆ ಸರ್. ಇಬ್ಬರಿಗೂ 0. ಆ ದಿನದ್ದು ಸರಿಯಾಗಿದೆ! ನಿಮಗೆ ಹೇಗೆ ಗೊತ್ತಾಯಿತು?

ಹಳೇ_ಗ್ರಂಥಪಾಲಕ · 14 ಆಗಸ್ಟ್

08/08 ಅನ್ನು ಹಿಂದೆ ಮುಂದೆ ಹೇಗೆ ಓದಿದರೂ ಒಂದೇ ಅಲ್ವಾ, ಅದಕ್ಕೆ.

ನಿಮ್ಮ ಶೀಟ್ ಅಮೆರಿಕದ ರೀತಿಯಲ್ಲಿ ಓದುತ್ತಿದೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನೀವು 07/08/2025 ಎಂದು ಬರೆದಿರಿ. ಅದು ಜುಲೈ 8 ಎಂದುಕೊಂಡಿತು. 14 ದಿನ ಸೇರಿಸಿದರೆ ಗಡುವು ಜುಲೈ 22. ಅಲ್ಲಿಂದ ಇವತ್ತಿಗೆ 23 ದಿನ. ₹23 ಬಂದದ್ದು ಹೀಗೆ.

13/08/2025 ಎಂದು ಬರೆದಾಗ 13ನೇ ತಿಂಗಳು ಇಲ್ಲವಲ್ಲ. ಅದಕ್ಕೆ ತಾರೀಕು ಎಂದು ಒಪ್ಪದೆ ಸುಮ್ಮನೆ ಅಕ್ಷರ ಎಂದು ಇಟ್ಟುಕೊಂಡಿದೆ. ಅಕ್ಷರಕ್ಕೆ 14 ಕೂಡಿಸು ಎಂದರೆ `#VALUE!` ಎನ್ನುತ್ತದೆ. B ಕಾಲಮ್ ನೋಡಿ, 13ರಿಂದ ಮುಂದಿನ ತಾರೀಕುಗಳು ಎಡಕ್ಕೆ ಅಂಟಿಕೊಂಡಿರುತ್ತವೆ, ಉಳಿದವು ಬಲಕ್ಕೆ. ಯಾರಾದರೂ ನಡುವೆ ಬರುವಂತೆ ಮಾಡಿದ್ದರೆ ಇದು ಕಾಣುವುದಿಲ್ಲ. ಆಗ ಪಕ್ಕದ ಕಾಲಮ್‌ನಲ್ಲಿ `=ISNUMBER(B2)` ಹಾಕಿ ನೋಡಿ.

`#VALUE!` ಬಗ್ಗೆ ನನಗೆ ಭಯ ಇಲ್ಲ, ಅದು ಕೂಗಿ ಹೇಳುತ್ತದೆ. ಭಯ ಇರುವುದು 1ರಿಂದ 12ರವರೆಗಿನ ತಾರೀಕುಗಳದ್ದು. ಅವು ತಪ್ಪಾಗಿದ್ದರೂ ನೋಡಲು ಸರಿಯಾಗೇ ಇರುತ್ತವೆ.

ಖಾಲಿ ಸಾಲಿನ 45869 ಬೇರೆ ಕಥೆ. ಶೀಟ್‌ನಲ್ಲಿ ತಾರೀಕು ಎಂದರೆ ಒಂದು ಸಂಖ್ಯೆ. ಇವತ್ತಿನದು 45883. ಖಾಲಿ ಸೆಲ್ ಎಂದರೆ ಸೊನ್ನೆ, ಅದಕ್ಕೆ 14 ಸೇರಿಸಿದರೆ 14. ಕಳೆದು ನೋಡಿ.

ಓದುಮನೆ_ಹಾಸನ · 14 ಆಗಸ್ಟ್

ಅಬ್ಬಾ! `File → Settings` ಒಳಗೆ `Locale` ನೋಡಿದೆ, `United States` ಅಂತಲೇ ಇದೆ. `India` ಮಾಡಿದೆ. ಆದರೆ ಹಳೇ ಸಾಲುಗಳು ಸರಿಯಾಗಲಿಲ್ಲ.

ಹಳೇ_ಗ್ರಂಥಪಾಲಕ · 14 ಆಗಸ್ಟ್

ಆಗುವುದಿಲ್ಲ. ಆ ಸೆಟ್ಟಿಂಗ್ ಇನ್ನು ಮುಂದೆ ಬರೆಯುವುದಕ್ಕೆ. ಒಮ್ಮೆ ಜುಲೈ 8 ಎಂದು ಒಳಗೆ ಹೋದದ್ದು ಜುಲೈ 8 ಆಗಿಯೇ ಇರುತ್ತದೆ.

ಮೊದಲು ಶೀಟ್‌ನ ಒಂದು ನಕಲು ಮಾಡಿಟ್ಟುಕೊಳ್ಳಿ. ಆಮೇಲೆ ದೂರದ ಒಂದು ಖಾಲಿ ಕಾಲಮ್‌ನಲ್ಲಿ ಇದನ್ನು ಹಾಕಿ, ಹಳೇ ಸಾಲುಗಳ ಉದ್ದಕ್ಕೂ ಎಳೆಯಿರಿ:

```
=IF(ISNUMBER(B2),
  DATE(YEAR(B2),DAY(B2),MONTH(B2)),
  DATE(RIGHT(B2,4),MID(B2,4,2),LEFT(B2,2)))
```

ಸಂಖ್ಯೆಯಾಗಿದ್ದರೆ ದಿನ, ತಿಂಗಳು ಅದಲು ಬದಲು ಮಾಡುತ್ತದೆ. ಅಕ್ಷರವಾಗಿದ್ದರೆ ತುಂಡು ಮಾಡಿ ತಾರೀಕು ಕಟ್ಟುತ್ತದೆ. ಎಲ್ಲರೂ 13/08/2025 ಎಂದು ಎರಡೆರಡು ಅಂಕಿ ಬರೆದಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಬಂದದ್ದನ್ನು ಕಾಪಿ ಮಾಡಿ B ಮೇಲೆ `Paste special → Values only` ಕೊಡಿ. G ಕಾಲಮ್‌ಗೂ ಹೀಗೇ ಮಾಡಿ, ಆದರೆ ಅಲ್ಲಿ ಖಾಲಿ ಸೆಲ್‌ಗಳನ್ನು ಬಿಟ್ಟು. ಎರಡು ಸಲ ಮಾತ್ರ ಓಡಿಸಬೇಡಿ, ಸರಿಯಾದದ್ದು ಮತ್ತೆ ತಲೆಕೆಳಗಾಗುತ್ತದೆ.

ಒಂದು ಅಪಾಯ ಇದೆ. ಯಾರಾದರೂ ಟೈಪ್ ಮಾಡದೆ ಸೆಲ್ ಮೇಲೆ ಎರಡು ಸಲ ಒತ್ತಿ ಕ್ಯಾಲೆಂಡರ್‌ನಿಂದ ದಿನ ಆರಿಸಿದ್ದರೆ, ಆ ಸಾಲು ಮೊದಲೇ ಸರಿಯಾಗಿತ್ತು. ಅದನ್ನು ಅದಲು ಬದಲು ಮಾಡಿದರೆ ಕೆಡುತ್ತದೆ. ಕಂಡುಹಿಡಿಯುವುದು ಕಷ್ಟವಲ್ಲ. ಎರವಲು ರಿಜಿಸ್ಟರ್ ದಿನದ ಕ್ರಮದಲ್ಲೇ ಬೆಳೆಯುತ್ತದೆ. ಹೊಸ ಕಾಲಮ್‌ನಲ್ಲಿ ಮೇಲಿನ ಸಾಲಿಗಿಂತ ಹಿಂದಿನ ತಾರೀಕು ಎಲ್ಲಾದರೂ ಬಂದರೆ, ಅಥವಾ ಮುಂದಿನ ವರ್ಷ ಕಂಡರೆ, ಆ ಸಾಲನ್ನು ಕೈಯಲ್ಲಿ ನೋಡಿ.

ಶಾಂತಕ್ಕ_ಪುಸ್ತಕಪ್ರಿಯೆ · 14 ಆಗಸ್ಟ್

ದಂಡದ ವಿಷಯ ಬಂದದ್ದಕ್ಕೆ ಹೇಳುತ್ತಿದ್ದೇನೆ. ನಾನು ಒಂದು ಗ್ರಂಥಾಲಯದಲ್ಲಿ ಪುಸ್ತಕ ಕಳೆದುಕೊಂಡೆ. ಪುಸ್ತಕದ ಬೆಲೆ ಕೊಟ್ಟೆ. ಆಮೇಲೂ ತಡವಾದ ದಂಡ ಬೇರೆ ಕೇಳಿದರು, ಅದು ಬೆಲೆಗಿಂತ ಜಾಸ್ತಿ! ಠೇವಣಿಯಲ್ಲಿ ಹಿಡಿದುಕೊಂಡರು. ಇದು ನ್ಯಾಯವಾ? ನಿಮ್ಮ ಶೀಟ್ ನನ್ನ ಠೇವಣಿ ವಾಪಸ್ ಕೊಡಿಸುತ್ತಾ?

ಟೆಕ್_ತಮ್ಮ · 14 ಆಗಸ್ಟ್

ಅಕ್ಕಾ, ಇಲ್ಲಿ ಮಾತಾಡುತ್ತಿರೋದು ಫಾರ್ಮುಲಾ ಬಗ್ಗೆ 😄

ಹಳೇ_ಗ್ರಂಥಪಾಲಕ · 14 ಆಗಸ್ಟ್

ಇಲ್ಲ, ಅವರ ಮಾತಿನಲ್ಲೂ ಫಾರ್ಮುಲಾ ಇದೆ. `TODAY()` ಹಾಕಿದ ದಂಡಕ್ಕೆ ಕೊನೆಯೇ ಇಲ್ಲ, ಪುಸ್ತಕ ಬರುವ ತನಕ ಬೆಳೆಯುತ್ತಲೇ ಇರುತ್ತದೆ. 80 ರೂಪಾಯಿಯ ಪುಸ್ತಕಕ್ಕೆ 300 ರೂಪಾಯಿ ತೋರಿಸಿದರೆ ಸದಸ್ಯರು ಪುಸ್ತಕವನ್ನೂ ತರುವುದಿಲ್ಲ, ಅವರೂ ಬರುವುದಿಲ್ಲ. ದಂಡ ಪುಸ್ತಕದ ಬೆಲೆ ದಾಟಬಾರದು ಎಂದು `MIN` ಹಾಕಿ ಕಟ್ಟಿಬಿಡಿ. ಶಾಂತಕ್ಕನವರ ಠೇವಣಿಗೆ ನನ್ನ ಹತ್ತಿರ ಉಪಾಯ ಇಲ್ಲ.

ಲೆಕ್ಕದ_ಮೇಷ್ಟ್ರು · 15 ಆಗಸ್ಟ್

ತಾರೀಕು ಸರಿ ಮಾಡಿಕೊಂಡ ಮೇಲೂ ದಂಡದ ನಿಯಮ ಗಟ್ಟಿಯಾಗಿಲ್ಲ. ಒಂದು ಉದಾಹರಣೆ ತಗೊಳ್ಳಿ. ಒಬ್ಬರು ಆಗಸ್ಟ್ 13, ಬುಧವಾರ ಪುಸ್ತಕ ಒಯ್ದರು. ಸೆಪ್ಟೆಂಬರ್ 4, ಗುರುವಾರ ವಾಪಸ್ ತಂದರು ಎಂದುಕೊಳ್ಳಿ. ದಂಡ ಎಷ್ಟು?

14 ದಿನ ಕೂಡಿಸಿದರೆ ಗಡುವು ಆಗಸ್ಟ್ 27. ಅವತ್ತು ಗಣೇಶನ ಹಬ್ಬ. ನಿಮ್ಮ ಬಾಗಿಲು ಮುಚ್ಚಿರುತ್ತದೆ. 27ರಿಂದ ಸುಮ್ನೆ ಎಣಿಸಿದರೆ 8 ದಿನ, ₹8. ಗಡುವನ್ನು ಮರುದಿನ 28ಕ್ಕೆ ತಳ್ಳಿದರೆ 7. ನಡುವಿನ ಸೋಮವಾರ, ಸೆಪ್ಟೆಂಬರ್ 1, ಬಾಗಿಲು ಮುಚ್ಚಿತ್ತು, ಅದನ್ನೂ ಬಿಟ್ಟರೆ 6. ಮೂರಕ್ಕೂ ಸಮರ್ಥನೆ ಕೊಡಬಹುದು. ಆದರೆ ಕೌಂಟರ್‌ನಲ್ಲಿ ಮೂವರು ಸ್ವಯಂಸೇವಕರು ಮೂರು ರೀತಿ ಹೇಳಬಾರದು.

ಬಾಗಿಲು ತೆರೆದ ದಿನ ಮಾತ್ರ ಎಣಿಸುವುದಾದರೆ, ರಜಾ ದಿನಗಳ ಪಟ್ಟಿಗೆ `Raje` ಎಂದು ಹೆಸರು ಕೊಟ್ಟು ಹೀಗೆ ಬರೆಯಿರಿ:

```
F2:  =IF(B2="","",WORKDAY.INTL(B2+13,1,"1000000",Raje))
H2:  =IF(B2="","",MAX(0,NETWORKDAYS.INTL(F2+1,
       IF(G2="",TODAY(),G2),"1000000",Raje)))
```

`"1000000"`ದಲ್ಲಿ ಏಳು ಅಂಕಿ, ಸೋಮವಾರದಿಂದ ಭಾನುವಾರದವರೆಗೆ. 1 ಇದ್ದ ದಿನ ರಜೆ. `B2+13` ಯಾಕೆ ಎಂದರೆ, 13ನೇ ದಿನದಲ್ಲಿ ನಿಂತು "ಮುಂದಿನ ಬಾಗಿಲು ತೆರೆದ ದಿನ ಯಾವುದು" ಎಂದು ಕೇಳುತ್ತಿದ್ದೇವೆ. 14ನೇ ದಿನ ತೆರೆದಿದ್ದರೆ ಅದೇ ಬರುತ್ತದೆ. ಖಾಲಿ ಸಾಲಿನ 45869 ಕೂಡ ಇದರಲ್ಲೇ ಹೋಯಿತು.

ಅಂದ ಹಾಗೆ ನಿಮ್ಮ 14 ದಿನ ಒಳ್ಳೆಯ ಆಯ್ಕೆ. ಪೂರ್ತಿ ಎರಡು ವಾರ, ಆದ್ದರಿಂದ ಒಯ್ದ ವಾರವೇ ಗಡುವಿನ ವಾರ. ಸೋಮವಾರ ಯಾರೂ ಒಯ್ಯುವುದಿಲ್ಲ, ಹಾಗಾಗಿ ಗಡುವೂ ಸೋಮವಾರ ಬರುವುದಿಲ್ಲ. 15 ದಿನ ಕೊಟ್ಟಿದ್ದರೆ ಭಾನುವಾರ ಒಯ್ದವರೆಲ್ಲ ಮುಚ್ಚಿದ ಬಾಗಿಲಿಗೆ ಬರಬೇಕಾಗುತ್ತಿತ್ತು. ಭಾನುವಾರವೇ ತಾನೆ ಜನ ಜಾಸ್ತಿ ಬರೋದು?

ಓದುಮನೆ_ಹಾಸನ · 15 ಆಗಸ್ಟ್

ಹೌದು ಮೇಷ್ಟ್ರೇ, ಭಾನುವಾರ ಸಂತೆ. ತೆರೆದ ದಿನ ಮಾತ್ರ ಎಣಿಸೋದು ಎಂದು ನಿರ್ಧರಿಸಿದೆವು. ಖಾಲಿ ಇದ್ದ E ಕಾಲಮ್‌ನಲ್ಲಿ ನವೀಕರಣ ಎಷ್ಟು ಸಲ ಆಯಿತು ಎಂದು ಬರೆಯಬೇಕು ಅಂದುಕೊಂಡಿದ್ದೇನೆ. `B2+13` ಬದಲು `B2+14*(1+E2)-1` ಹಾಕಿದರೆ ಗಡುವು ತಾನಾಗಿ ಮುಂದೆ ಹೋಗುತ್ತೆ ಅಲ್ವಾ?

ಲೆಕ್ಕದ_ಮೇಷ್ಟ್ರು · 15 ಆಗಸ್ಟ್

ಹೋಗುತ್ತದೆ. ಆದರೆ ಆರು ದಿನ ತಡವಾದ ಮೇಲೆ ಒಬ್ಬರು ಬಂದು "ನವೀಕರಿಸಿ" ಎಂದರೆ? E ಸೊನ್ನೆಯಿಂದ 1 ಆದ ಕೂಡಲೇ ಗಡುವು 28ನೇ ದಿನಕ್ಕೆ ಹಾರುತ್ತದೆ, ಆರು ರೂಪಾಯಿ ಮಾಯ. ತಡವಾದ ಮೇಲೆ ನವೀಕರಣ ಇಲ್ಲ, ವಾಪಸ್ ಬರೆದುಕೊಂಡು ದಂಡ ಪಡೆದು ಹೊಸ ಸಾಲಿನಲ್ಲಿ ಕೊಡಿ.

ಇನ್ನೊಂದು ಮುಖ್ಯ. ದಂಡ ತಗೊಂಡ ಮೇಲೆ ಆ ಮೊತ್ತವನ್ನು I ಕಾಲಮ್‌ನಲ್ಲಿ ಕೈಯಲ್ಲಿ ಬರೆಯಿರಿ. ಫಾರ್ಮುಲಾ ಬೇಡ. ನಾಳೆ ಯಾರೋ `Raje` ಪಟ್ಟಿಗೆ ಬಿಟ್ಟುಹೋದ ಹಬ್ಬ ಸೇರಿಸುತ್ತಾರೆ, ಅಥವಾ ದರ ಎರಡು ರೂಪಾಯಿ ಮಾಡುತ್ತೀರಿ. ಆಗ H ಕಾಲಮ್‌ನಲ್ಲಿ ಹಳೇ ವರ್ಷದ ದಂಡವೆಲ್ಲ ಬದಲಾಗುತ್ತದೆ. ಡಬ್ಬಿಯಲ್ಲಿರುವ ದುಡ್ಡು ಬದಲಾಗುವುದಿಲ್ಲ.

ಇಲಿನಾಯ್_ಕನ್ನಡಿಗ · 16 ಆಗಸ್ಟ್

ದಂಡವೇ ಯಾಕೆ? ನಮ್ಮ ಶಿಕಾಗೋ ಸಾರ್ವಜನಿಕ ಗ್ರಂಥಾಲಯ 2019ರಲ್ಲೇ ತಡದ ದಂಡ ತೆಗೆದುಹಾಕಿತು. ಪುಸ್ತಕ ಕಳೆದರೆ ಮಾತ್ರ ಅದರ ಬೆಲೆ ಕೊಡಬೇಕು. ದಂಡಕ್ಕೆ ಹೆದರಿ ಮಕ್ಕಳು ಬರೋದನ್ನೇ ಬಿಡುತ್ತಾರೆ.

ಓದುಮನೆ_ಹಾಸನ · 16 ಆಗಸ್ಟ್

ನಮ್ಮಲ್ಲಿ ಇದರ ಬಗ್ಗೆ ಜಗಳವೇ ಇದೆ. ಹಿರಿಯರು ದಂಡ ಬೇಕು ಅಂತಾರೆ. ಒಂದೇ ಪ್ರತಿ ಇರುವ ಪುಸ್ತಕವನ್ನು ಯಾರೋ ಎರಡು ತಿಂಗಳು ಇಟ್ಟುಕೊಂಡರೆ ಕಾಯುವವರ ಗತಿ?

ಹಳೇ_ಗ್ರಂಥಪಾಲಕ · 16 ಆಗಸ್ಟ್

ದಂಡ ಇರಲಿ ಬಿಡಲಿ, ಗಡುವು ಇರಲೇಬೇಕು. ಹಿಂದೆ ಕಾರ್ಡ್ ಪದ್ಧತಿ ಇದ್ದಾಗ, ಪುಸ್ತಕದ ಕಾರ್ಡ್ ತೆಗೆದು ಗಡುವಿನ ತಾರೀಕಿನ ಹಿಂದೆ ಟ್ರೇಯಲ್ಲಿ ನಿಲ್ಲಿಸುತ್ತಿದ್ದೆವು. ಬೆಳಿಗ್ಗೆ ಬಂದರೆ ನಿನ್ನೆಯ ತಾರೀಕಿನ ಹಿಂದೆ ಉಳಿದ ಕಾರ್ಡ್‌ಗಳೇ ತಡವಾದವು. ಹುಡುಕುವ ಕೆಲಸವೇ ಇರಲಿಲ್ಲ. ಶೀಟ್‌ನಲ್ಲಿ ಎಲ್ಲವೂ ಒಯ್ದ ದಿನದ ಕ್ರಮದಲ್ಲಿ ಬಿದ್ದಿರುತ್ತದೆ, ಕೇಳದೆ ಅದು ಹೇಳುವುದಿಲ್ಲ. ಎರವಲು ಹಾಳೆಗೆ `Loans` ಎಂದು ಹೆಸರು ಕೊಟ್ಟು, ಇನ್ನೊಂದು ಹಾಳೆಯಲ್ಲಿ ಇದನ್ನು ಹಾಕಿಡಿ:

```
=FILTER(Loans!A2:F,Loans!A2:A<>"",Loans!G2:G="",Loans!F2:F<TODAY())
```

ಬೆಳಿಗ್ಗೆ ಆ ಹಾಳೆ ತೆರೆದು ಒಂದು ಫೋನ್ ಮಾಡಿದರೆ ಅರ್ಧ ಪುಸ್ತಕ ದಂಡ ಬೆಳೆಯುವ ಮೊದಲೇ ಬರುತ್ತವೆ.

ಟೆಕ್_ತಮ್ಮ · 16 ಆಗಸ್ಟ್

ಇಷ್ಟೆಲ್ಲಾ ಯಾಕೆ ಒದ್ದಾಟ? ಕೋಹಾ ಎಂಬ ಗ್ರಂಥಾಲಯದ ಸಾಫ್ಟ್‌ವೇರ್ ಹಾಕಿಕೊಳ್ಳಿ. ಉಚಿತ. ರಜೆ, ದಂಡ, ಮಿತಿ, ಎಲ್ಲಾ ಅದರಲ್ಲೇ ಇದೆ.

ಹಳೇ_ಗ್ರಂಥಪಾಲಕ · 16 ಆಗಸ್ಟ್

ಕೋಹಾ ಚೆನ್ನಾಗಿದೆ. ಆದರೆ ಅದಕ್ಕೊಂದು ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವವರು ಬೇಕು. ಸಂಜೆ ಎರಡು ಗಂಟೆ ಸ್ವಯಂಸೇವಕರು ಕೂರುವ ಕಡೆ ಅದು ಕೆಟ್ಟ ದಿನ ಮತ್ತೆ ಉದ್ದನೆ ರಿಜಿಸ್ಟರ್ ತೆರೆಯಬೇಕಾಗುತ್ತದೆ. ಐದು ಸಾವಿರ ಪುಸ್ತಕ ದಾಟಿದ ಮೇಲೆ ಯೋಚಿಸಲಿ.

ಓದುಮನೆ_ಹಾಸನ · 18 ಆಗಸ್ಟ್

ತಾರೀಕುಗಳೆಲ್ಲ ಸರಿಯಾದವು. ಕ್ಯಾಲೆಂಡರ್‌ನಿಂದ ಆರಿಸಿದ ಕೆಲವು ಸಾಲು ನಿಜಕ್ಕೂ ಸಿಕ್ಕವು. ಈಗ ಜಾಸ್ತಿ ಹೋದ ಪುಸ್ತಕಗಳ ಪಟ್ಟಿ ಮಾಡಿದೆ:

```
=QUERY(Loans!A2:G,"select D, count(D)
 where B >= date '2025-04-01'
 group by D order by count(D) desc limit 10",0)
```

ಒಂದೇ ಪುಸ್ತಕ ಎರಡು ಸಾಲಿನಲ್ಲಿ ಬರುತ್ತಿದೆ. ಹೆಸರಿನ ಮೊದಲ ಪದ "ಕಾಲೇಜ್". ಒಂದು ಸಾಲಿನಲ್ಲಿ 5, ಇನ್ನೊಂದರಲ್ಲಿ 4. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ, ಒಂದು ಚುಕ್ಕೆಯೂ ವ್ಯತ್ಯಾಸ ಇಲ್ಲ. ಕೊನೆಯಲ್ಲಿ ಸ್ಪೇಸ್ ಇದೆಯಾ ಎಂದು `TRIM` ಕೂಡ ಹಾಕಿದೆ.

ನುಡಿ_ಕೀಲಿಮಣೆ · 18 ಆಗಸ್ಟ್

ಕಾಣದ ಅಕ್ಷರ ಇದೆ. ಎರಡಕ್ಕೂ `=LEN()` ಹಾಕಿ ನೋಡಿ. ಒಂದರಲ್ಲಿ ಒಂದು ಜಾಸ್ತಿ ಬರುತ್ತದೆ.

ಕನ್ನಡದಲ್ಲಿ ಒತ್ತಕ್ಷರ ಆಗದಂತೆ ತಡೆಯಲು ಒಂದು ಅದೃಶ್ಯ ಅಕ್ಷರ ಹಾಕುತ್ತೇವೆ. "ರಾಜ್‌ಕುಮಾರ್" ಎಂದು ಬರೆಯುವಾಗ ಜ್ ಮತ್ತು ಕು ನಡುವೆ ಇರುವುದು ಅದೇ. ಅಲ್ಲಿ ಬೇಕೇ ಬೇಕು. ಆದರೆ ಕೆಲವು ಕೀಲಿಮಣೆಗಳು ಪದದ ಕೊನೆಯ "ಜ್" ನಂತರವೂ ಅದನ್ನು ಸೇರಿಸುತ್ತವೆ. ಅಲ್ಲಿ ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ಒಂದೇ. ಶೀಟ್‌ಗೆ ಎರಡು ಬೇರೆ ಬೇರೆ ಹೆಸರು. `TRIM` ಸ್ಪೇಸ್ ಮಾತ್ರ ತೆಗೆಯುತ್ತದೆ, ಇದನ್ನು ಮುಟ್ಟುವುದಿಲ್ಲ. ತೆಗೆಯಲು:

```
=SUBSTITUTE(D2,UNICHAR(8204),"")
```

ಇದರ ಫಲವನ್ನು ಹೋಲಿಸುವುದಕ್ಕೆ ಮಾತ್ರ ಬಳಸಿ. ಜನ ಓದುವ ಪಟ್ಟಿಯಲ್ಲಿ ಹಾಕಿದರೆ "ರಾಜ್‌ಕುಮಾರ್" ಕೆಡುತ್ತದೆ.

ಹಳೇ_ಗ್ರಂಥಪಾಲಕ · 18 ಆಗಸ್ಟ್

ಅದು ಸರಿ, ಆದರೆ ಎರವಲು ಹಾಳೆಯಲ್ಲಿ ಪುಸ್ತಕದ ಹೆಸರನ್ನು ಟೈಪ್ ಮಾಡುವುದೇ ಯಾಕೆ? ಅಕ್ಸೆಷನ್ ನಂಬರ್ ಬರೆಯುತ್ತೀರಲ್ಲ. ಎಲ್ಲ ಪುಸ್ತಕಗಳ ಪಟ್ಟಿ `Books` ಎಂಬ ಹಾಳೆಯಲ್ಲಿ ಇರಲಿ, ಹೆಸರು ಅಲ್ಲಿಂದ ಬರಲಿ:

```
D2:  =IF(A2="","",VLOOKUP(A2,Books!A:B,2,FALSE))
```

ಒಂದೇ ಪುಸ್ತಕದ ನಾಲ್ಕು ಪ್ರತಿಗೆ ನಾಲ್ಕು ನಂಬರ್ ಇರುತ್ತದೆ, ಹೆಸರು ಒಂದೇ. `Books`ನಲ್ಲಿ ಅದನ್ನು ಒಮ್ಮೆ ಬರೆದು ಕೆಳಗೆ ಕಾಪಿ ಮಾಡಿ, ಮತ್ತೆ ಟೈಪ್ ಮಾಡಬೇಡಿ. ಬೆಲೆಯೂ ಅಲ್ಲೇ ಇದ್ದರೆ ಆಗ ಹೇಳಿದ `MIN`ಗೂ ಆಗುತ್ತದೆ.

`QUERY` ಬಗ್ಗೆ ಒಂದು ಎಚ್ಚರ. ಒಂದು ಕಾಲಮ್‌ನಲ್ಲಿ ತಾರೀಕೂ ಅಕ್ಷರವೂ ಬೆರೆತಿದ್ದರೆ, ಯಾವುದು ಜಾಸ್ತಿ ಇದೆಯೋ ಅದನ್ನು ಇಟ್ಟುಕೊಂಡು ಉಳಿದದ್ದನ್ನು ಖಾಲಿ ಎಂದು ಬಿಟ್ಟುಬಿಡುತ್ತದೆ. ತಪ್ಪು ಎಂದು ಹೇಳುವುದೂ ಇಲ್ಲ. ಹೋದ ವಾರವೇ ಈ ಪಟ್ಟಿ ಮಾಡಿದ್ದರೆ ತಿಂಗಳ ಒಂದು ಭಾಗವೇ ಲೆಕ್ಕಕ್ಕೆ ಬರುತ್ತಿರಲಿಲ್ಲ. ಪಟ್ಟಿಯ ಒಟ್ಟು ಮೊತ್ತ ಎರವಲು ಸಾಲುಗಳ ಸಂಖ್ಯೆಗೆ ಸರಿಹೊಂದುತ್ತದಾ ಎಂದು `limit 10` ತೆಗೆದು ಒಮ್ಮೆ ನೋಡಿ.

ಓದುಮನೆ_ಹಾಸನ · 19 ಆಗಸ್ಟ್

ಹೊಂದಿತು! ಮೇಲೆ ಒಂದು ಮಕ್ಕಳ ಕಥೆ ಪುಸ್ತಕ, 22 ಸಲ. ಅಡುಗೆ ಪುಸ್ತಕವೊಂದು 8 ಸಲ, ತುಂಬಾ ಕೆಳಗೆ ಇದೆ. ಹಾಗಾದರೆ ಮಕ್ಕಳ ಪುಸ್ತಕವನ್ನೇ ಇನ್ನೆರಡು ಪ್ರತಿ ತರಿಸೋಣ ಎಂದು ಸಂಘದವರು ಹೇಳುತ್ತಿದ್ದಾರೆ.

ಲೆಕ್ಕದ_ಮೇಷ್ಟ್ರು · 19 ಆಗಸ್ಟ್

ತಡೀರಿ. ಯಾವುದಕ್ಕೆ ಎಷ್ಟು ಪ್ರತಿ ಇದೆ?

ಓದುಮನೆ_ಹಾಸನ · 19 ಆಗಸ್ಟ್

ಮಕ್ಕಳದ್ದು 4. ಅಡುಗೆಯದ್ದು 1.

ಲೆಕ್ಕದ_ಮೇಷ್ಟ್ರು · 19 ಆಗಸ್ಟ್

ಏಪ್ರಿಲ್ 1ರಿಂದ ಇವತ್ತಿಗೆ 140 ದಿನ. ಒಂದು ಪ್ರತಿ 14 ದಿನಕ್ಕೊಮ್ಮೆ ಕೈ ಬದಲಾದರೆ, ಬಿಡುವೇ ಇಲ್ಲದೆ ಓಡಿದರೂ ಹತ್ತು ಸಲ ಹೋಗಬಹುದು. ಅಡುಗೆ ಪುಸ್ತಕ 8 ಸಲ ಹೋಗಿದೆ. ಎಲ್ಲರೂ ಪೂರ್ತಿ 14 ದಿನ ಇಟ್ಟುಕೊಂಡಿದ್ದರೆ ಅದು ಕಪಾಟಿನಲ್ಲಿ ಇದ್ದದ್ದೇ ಕಮ್ಮಿ. ಮಕ್ಕಳ ಪುಸ್ತಕ ಪ್ರತಿಯೊಂದಕ್ಕೆ ಐದೂವರೆ ಸಲ. ಅದು ಸುಮಾರು ಅರ್ಧ ಕಾಲ ಕಪಾಟಿನಲ್ಲೇ ಕೂತಿತ್ತು. ಎರಡನೇ ಪ್ರತಿ ಬೇಕಾದದ್ದು ಅಡುಗೆಗೆ.

ಇಲಿನಾಯ್_ಕನ್ನಡಿಗ · 19 ಆಗಸ್ಟ್

ಒಬ್ಬರೇ ಮತ್ತೆ ಮತ್ತೆ ಒಯ್ದಿರಬಹುದಲ್ಲ? ಎಂಟು ಸಲವೂ ಒಂದೇ ಮನೆಯಾದರೆ ಎರಡನೇ ಪ್ರತಿ ವ್ಯರ್ಥ.

ಓದುಮನೆ_ಹಾಸನ · 19 ಆಗಸ್ಟ್

ಅಡುಗೆ ಪುಸ್ತಕದ ಸಾಲುಗಳನ್ನು ಮಾತ್ರ ಇಟ್ಟುಕೊಂಡು C ಕಾಲಮ್‌ಗೆ `COUNTUNIQUE` ಹಾಕಿದೆ. ಆರು ಜನ. ಕೇಳಿ ಸಿಗದೆ ಹೋದವರು ಎಷ್ಟೋ, ಅವರ ಲೆಕ್ಕ ಎರವಲು ಹಾಳೆಯಲ್ಲಿ ಬರೋದೇ ಇಲ್ಲ. ಕೌಂಟರ್‌ನಲ್ಲಿ ಅದಕ್ಕೊಂದು ನೋಟ್‌ಬುಕ್ ಇಡಬೇಕು. ದಂಡ ಬೇಕಾ ಬೇಡವಾ ಎಂಬುದು ಮಾತ್ರ ಮುಂದಿನ ಸಭೆಗೆ ಹೋಯಿತು.

ಶಾಂತಕ್ಕ_ಪುಸ್ತಕಪ್ರಿಯೆ · 20 ಆಗಸ್ಟ್

ಆ ಶೀಟ್‌ನ ಒಂದು ಮಾದರಿ ಇಲ್ಲಿ ಹಾಕ್ತೀರಾ? ನಮ್ಮ ಮಹಿಳಾ ಮಂಡಳಿಯಲ್ಲೂ ಒಂದು ಕಪಾಟು ಪುಸ್ತಕ ಇದೆ.

ಓದುಮನೆ_ಹಾಸನ · 20 ಆಗಸ್ಟ್

ಹಾಕ್ತೀನಿ ಅಕ್ಕಾ. ಸದಸ್ಯರ ಹೆಸರು, ಫೋನ್ ನಂಬರ್ ಅಳಿಸಿ ಹಾಕಬೇಕು, ಅದಕ್ಕೆ ಭಾನುವಾರದ ತನಕ ಸಮಯ ಕೊಡಿ. ನಿಮ್ಮ ರಜೆ ಯಾವ ವಾರ ಎಂದು ಹೇಳಿ, `"1000000"`ದಲ್ಲಿ ಆ ಜಾಗಕ್ಕೆ 1 ಹಾಕಿಯೇ ಕಳಿಸುತ್ತೇನೆ.